ಅಜ್ಜಿಯ ಸೋಬಾನೆ, ಮೂರು ಕ್ಯಾಸೆಟ್ ಮತ್ತು ಒಂದು ಸುಕ್ಕು

ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೋ ಬಂತು. ಅಪ್ಪ-ಅಮ್ಮನ ಮದುವೆದು. 1994ರಲ್ಲಿ ಹೊನ್ನಾಳಿಯ ಮನೆ ಮುಂದೆ ಚಪ್ಪರ ಹಾಕಿ ಮಾಡಿದ ಮದುವೆ. ಜಗಳೂರಿನ ದೊಡ್ಡಮ್ಮನ ಮಗ ಯಾವುದೋ ಅಂಗಡಿಗೆ ಕ್ಯಾಸೆಟ್ ಕೊಟ್ಟು, ‘4ಕೆ’ ಮಾಡಿಸಿ ತಂದಿದ್ದ. ಗ್ರೂಪಿನ ತುಂಬಾ ಹಾರ್ಟ್ ಇಮೋಜಿ. ನಾನೂ ಒಂದು ಒತ್ತಿದೆ.

ಅಮ್ಮ ಮಾತ್ರ ಸುಮ್ಮನಿದ್ದರು. ಸೋಬಾನೆ ಹಾಡ್ತಿರೋ ಹೆಂಗಸರ ಗುಂಪಿನಲ್ಲಿ ಅಜ್ಜಿ ಕೂತಿರೋ ಜಾಗ ಬಂದಾಗ ಫೋನು ಹತ್ತಿರ ಹಿಡಿದು ನೋಡಿದರು. ಕೆನ್ನೆ ಮೇಣದ ಗೊಂಬೆ ಥರ ನುಣ್ಣಗಾಗಿತ್ತು. ಮೂಗುಬೊಟ್ಟಿನ ಪಕ್ಕ ಬಿಳಿ ದಾರದಂಥದ್ದೊಂದು ಅಂಟಿಕೊಂಡಿತ್ತು. "ಇದು ನಮ್ಮವ್ವ ಅಲ್ಲ ಕಣೋ" ಅಂದು ಫೋನು ಕೊಟ್ಟುಬಿಟ್ಟರು.

ಅಜ್ಜಿ ತೀರಿಕೊಂಡಾಗ ನನಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವರ ಫೋಟೋ ನಾಲ್ಕೈದು ಇವೆ. ಆದರೆ ಅವರು ಮಾತಾಡೋದು, ಹಾಡೋದು, ನಗೋದು ಇರೋದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ, ಸುಮಾರು ಹನ್ನೆರಡು ನಿಮಿಷ. ಅವತ್ತು ರಾತ್ರಿ ಆ ಫೈಲನ್ನು ಫ್ರೇಮ್ ಫ್ರೇಮಾಗಿ ನೋಡಿದಾಗ ಏನಾಗಿದೆ ಅಂತ ಗೊತ್ತಾಯ್ತು. ಆ ಬಿಳಿ ದಾರ ಟೇಪಿನ ಡ್ರಾಪ್‌ಔಟ್. ಅಂದರೆ ಟೇಪಿನ ಮೇಲಿನ ಕಾಂತೀಯ ಪುಡಿ ಉದುರಿಯೋ ಅಥವಾ ಧೂಳು ಕೂತೋ, ಸಿಗ್ನಲ್ ಕ್ಷಣಕಾಲ ತಪ್ಪಿದ ಜಾಗ. ಮೂಲದಲ್ಲಿ ಅದು ಕಣ್ಣು ಮಿಟುಕಿಸೋದರೊಳಗೆ ಬಂದು ಹೋಗೋ ಗೀಟು. ಅಪ್‌ಸ್ಕೇಲ್ ಮಾಡೋ ಸಾಫ್ಟ್‌ವೇರ್ ಅದನ್ನು ನಿಜವಾದ ವಸ್ತು ಅಂದುಕೊಂಡು ಅಂಚು ತೀಡಿ, ಹೊಳಪು ಕೊಟ್ಟು, ದಾರ ಮಾಡಿಟ್ಟಿತ್ತು. ಕಸ ಗುಡಿಸದೆ ಸುಣ್ಣ ಹೊಡೆದ ಹಾಗೆ.

ಹಾಗಾಗಿ ಅಪ್‌ಸ್ಕೇಲ್ ಪಕ್ಕಕ್ಕಿಟ್ಟು, ಕ್ಯಾಸೆಟ್ಟಿನಿಂದಲೇ ಶುರು ಮಾಡೋಣ ಅಂತ ತೀರ್ಮಾನಿಸಿದೆ.

ನಾಲ್ಕು ಊರು, ನಾಲ್ಕು ಕ್ಯಾಸೆಟ್

ಆ ಮದುವೆಯ ಲಗ್ನಪತ್ರಿಕೆಯಲ್ಲಿ ಹೊನ್ನಾಳಿ, ಚನ್ನಗಿರಿ ಎರಡೂ ‘ಶಿವಮೊಗ್ಗ ಜಿಲ್ಲೆ’ ಅಂತಿವೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ನ್ಯಾಮತಿ ಹೊನ್ನಾಳಿ ತಾಲೂಕಿನೊಳಗೇ ಇತ್ತು. ವಿಡಿಯೋದವರು ಮೂಲ ಕ್ಯಾಸೆಟ್ಟನ್ನು ಹೊನ್ನಾಳಿಯ ಸೋದರಮಾವನ ಕೈಗೆ ಕೊಟ್ಟು, ಅದರಿಂದ ಮೂರು ಕಾಪಿ ಮಾಡಿದ್ದರು. ಒಂದು ಚನ್ನಗಿರಿಯ ನಮ್ಮ ಮನೆಗೆ, ಒಂದು ನ್ಯಾಮತಿಯ ಅತ್ತೆಗೆ, ಒಂದು ಜಗಳೂರಿನ ದೊಡ್ಡಮ್ಮನಿಗೆ.

ಚನ್ನಗಿರಿಯ ಕಾಪಿ ಇಲ್ಲ ಅಂತಲೇ ಲೆಕ್ಕ. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತೆ. ಅದನ್ನು ಮುರಿದರೆ ಮೇಲೆ ರೆಕಾರ್ಡ್ ಆಗಲ್ಲ. ನಮ್ಮದರಲ್ಲಿ ಅದು ಮುರಿದೇ ಇತ್ತು. ಆದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಮಾಡಬಹುದು ಅನ್ನೋದು ಚಿಕ್ಕಪ್ಪನಿಗೆ ಗೊತ್ತಿತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ಲು ಈಗ ಅಪ್ಪನ ಮದುವೆಯ ಮೇಲೆ ಕೂತಿದೆ. ನಿಮ್ಮ ಮನೆಯ ಕ್ಯಾಸೆಟ್ ಕೈಗೆ ಸಿಕ್ಕ ಕೂಡಲೇ ಮೊದಲು ಮಾಡಬೇಕಾದ ಕೆಲಸ ಇದೇ. ಆ ತುಣುಕು ಇದ್ದರೆ ಮುರಿಯಿರಿ, ತೂತಿಗೆ ಏನಾದರೂ ಅಂಟಿಸಿದ್ದರೆ ಕಿತ್ತುಹಾಕಿ.

ಆದರೆ ಆ ಮ್ಯಾಚಿನ ಕ್ಯಾಸೆಟ್ಟೂ ಉಪಯೋಗಕ್ಕೆ ಬಂತು. ಚನ್ನಗಿರಿಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ ನಮ್ಮ ಹಳೇ ವಿಸಿಆರ್ ಇತ್ತು. ಹೊಸದು ತರೋಣ ಅಂದ್ರೆ ಸಿಗಲ್ಲ. ಕೊನೇವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿಬಿಟ್ಟಿತು. ದಾವಣಗೆರೆಯ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಹತ್ತಿರ ರಬ್ಬರ್ ಬೆಲ್ಟ್ ಬದಲಾಯಿಸಿಕೊಂಡೆ. ರಿಪೇರಿ ಆದ ಯಂತ್ರಕ್ಕೆ ಮೊದಲು ಹಾಕಿದ್ದು ಮ್ಯಾಚಿನ ಕ್ಯಾಸೆಟ್. ಟೇಪ್ ಅಗಿದರೆ ಅದನ್ನೇ ಅಗಿಯಲಿ ಅಂತ. ಮದುವೆ ಕ್ಯಾಸೆಟ್ಟನ್ನು ಪರೀಕ್ಷೆಗೆ ಯಾವತ್ತೂ ಹಾಕಬೇಡಿ.

ತಪ್ಪು ಟೇಪಿನಲ್ಲೋ, ಯಂತ್ರದಲ್ಲೋ?

ಮೂರು ಕ್ಯಾಸೆಟ್ಟಿನಲ್ಲಿ ಯಾವುದರಿಂದ ಕೆಲಸ ಮಾಡೋದು? ನೋಡೋಕೆ ಎಲ್ಲಕ್ಕಿಂತ ಕೆಟ್ಟದಾಗಿದ್ದದ್ದು ಹೊನ್ನಾಳಿಯ ಮೂಲ. ತುಂಗಭದ್ರೆ ದಡದ ಊರು, ಗೋಡೆಯೊಳಗಿನ ಕಪಾಟು, ಮೂವತ್ತು ಮಳೆಗಾಲ. ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿ ಮೇಲೆ ಬಿಳಿ ಬೂಷ್ಟು. ಜಗಳೂರಿನದು ಧೂಳು ಹಿಡಿದಿದ್ದರೂ ಒಣಗಿತ್ತು. ಆದ್ದರಿಂದಲೇ ಅಣ್ಣ ಅದನ್ನು ಅಂಗಡಿಗೆ ಕೊಟ್ಟಿದ್ದ.

ಜಗಳೂರಿನದನ್ನೇ ಮೊದಲು ಹಾಕಿ ನೋಡಿದೆ. ಚಿತ್ರದ ಕೆಳಭಾಗದಲ್ಲಿ ಜೊಳ್ಳು ಎರಚಿದಂತೆ ಬಿಳಿ ಪಟ್ಟಿ. ಇದನ್ನೇ ನಾವು ಟ್ರ್ಯಾಕಿಂಗ್ ಗದ್ದಲ ಅನ್ನೋದು. ವಿಎಚ್‌ಎಸ್ ಟೇಪಿನ ಮೇಲೆ ಚಿತ್ರ ಓರೆ ಓರೆ ಗೆರೆಗಳಾಗಿ ಬರೆದಿರುತ್ತೆ. ವಿಸಿಆರ್ ಒಳಗಿನ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತಾ, ಅದರಲ್ಲಿರೋ ಹೆಡ್ ಆ ಗೆರೆಗಳ ಮೇಲೇ ಸರಿಯಾಗಿ ಓಡಬೇಕು. ಹೆಡ್ ಪಕ್ಕದ ಗೆರೆಗೆ ಸ್ವಲ್ಪ ಜಾರಿದರೂ ಆ ಜಾಗದಲ್ಲಿ ಪಟ್ಟಿ ಬರುತ್ತೆ. ಟ್ರ್ಯಾಕಿಂಗ್ ಗುಂಡಿ ಮಾಡೋದು ಈ ಜಾರಿಕೆಯನ್ನು ಸರಿಪಡಿಸೋ ಕೆಲಸ.

ಈಗ ಒಂದು ಸುಲಭ ಪರೀಕ್ಷೆ. ಗುಂಡಿ ತಿರುಗಿಸಿ. ಪಟ್ಟಿ ಮೇಲೆ ಕೆಳಗೆ ಓಡಾಡಿದರೆ ತಪ್ಪು ಇವತ್ತಿನದು, ಓದೋದರಲ್ಲಿದೆ, ಸರಿಹೋಗುತ್ತೆ. ಎಷ್ಟು ತಿರುಗಿಸಿದರೂ ಪಟ್ಟಿ ಕೂತಲ್ಲೇ ಕೂತಿದ್ದರೆ ತಪ್ಪು ಅವತ್ತಿನದು. ಕಾಪಿ ಮಾಡುವಾಗಲೇ ಟ್ರ್ಯಾಕಿಂಗ್ ತಪ್ಪಿ, ಗದ್ದಲವೂ ಚಿತ್ರದ ಭಾಗವಾಗಿ ರೆಕಾರ್ಡ್ ಆಗಿದೆ ಅಂತ ಅರ್ಥ. ಜಗಳೂರಿನ ಪಟ್ಟಿ ಅಲುಗಾಡಲಿಲ್ಲ. ಅಣ್ಣ ಕೊಟ್ಟ ಅಂಗಡಿಯವರು ಏನೇ ಮಾಡಿದ್ದರೂ ಅದು ಹೋಗ್ತಿರಲಿಲ್ಲ. ನ್ಯಾಮತಿಯ ಕಾಪಿಯಲ್ಲಿ ಆ ಪಟ್ಟಿ ಇರಲಿಲ್ಲ. ಆದರೆ ಕಾಪಿ ಕಾಪಿಯೇ. ಅಮ್ಮನ ಕೆಂಪು ಧಾರೆ ಸೀರೆಯ ಬಣ್ಣ ಅಂಚು ದಾಟಿ ಪಕ್ಕದವರ ಮೇಲೆ ಸೋರಿತ್ತು.

ಹಾಗಾಗಿ ಬೂಷ್ಟು ಹಿಡಿದ ಮೂಲವೇ ಗತಿ. ಬೂಷ್ಟಿನ ಕ್ಯಾಸೆಟ್ಟನ್ನು ಹಾಗೇ ಯಂತ್ರಕ್ಕೆ ಹಾಕಿದರೆ ಹೆಡ್ ಕೊಳೆಯಾಗುತ್ತೆ, ಆಮೇಲೆ ಹಾಕೋ ಕ್ಯಾಸೆಟ್ಟುಗಳಿಗೂ ಅಂಟುತ್ತೆ. ಬಿಸಿಲು ನೇರವಾಗಿ ಬೀಳದ ಜಗಲಿಯಲ್ಲಿ, ಮಾಸ್ಕ್ ಹಾಕಿಕೊಂಡು ಕ್ಯಾಸೆಟ್ ಬಿಚ್ಚಿದೆ. ನೂಲು ಬಿಡದ ಒಣ ಬಟ್ಟೆಯ ಮಡಿಕೆಯೊಳಗೆ ಟೇಪನ್ನು ಹಗುರವಾಗಿ ಹಿಡಿದು, ಒಂದು ಸುರುಳಿಯಿಂದ ಇನ್ನೊಂದಕ್ಕೆ ಕೈಯಲ್ಲೇ ಸುತ್ತಿದೆ. ಬಟ್ಟೆ ಬದಲಾಯಿಸ್ತಾ ಹೋಗಬೇಕು. ಮೂರು ಗಂಟೆಯ ಟೇಪಿಗೆ ಒಂದು ಭಾನುವಾರ ಪೂರ್ತಿ ಹೋಯ್ತು. ಕೊನೆಗೆ ಅದನ್ನು ಮ್ಯಾಚಿನ ಕ್ಯಾಸೆಟ್ಟಿನ ಶುದ್ಧ ಡಬ್ಬಿಯೊಳಗೆ ಕೂರಿಸಿದೆ.

ಹೆಡ್ ಒರೆಸೋಕೆ ಹತ್ತಿಕಡ್ಡಿ ಬೇಡ, ನೂಲು ಸಿಕ್ಕಿಕೊಂಡು ಹೆಡ್ ಮುರಿಯುತ್ತೆ. ಮೆತ್ತನೆ ತೊಗಲಿನ ತುಂಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಡ್ರಮ್ಮಿಗೆ ತಾಗಿಸಿ ಅಲುಗಾಡದಂತೆ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಬಾರದು. ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ, ಕೊನೆವರೆಗೆ ಫಾರ್ವರ್ಡ್ ಮಾಡಿ, ವಾಪಸ್ ಸುತ್ತಿ, ಆಮೇಲೆ ಪ್ಲೇ ಒತ್ತಿದೆ. ಪಟ್ಟಿ ಇತ್ತು. ಗುಂಡಿ ತಿರುಗಿಸಿದೆ. ಕೆಳಗಿಳಿದು ಪರದೆಯಿಂದ ಆಚೆ ಹೋಯ್ತು.

ಕ್ಯಾಪ್ಚರ್: ಮೂರು ಸಲ ಎಡವಿದೆ

ವಿಸಿಆರ್‌ನ ಹಳದಿ ತಂತಿಯನ್ನು ಲ್ಯಾಪ್‌ಟಾಪಿಗೆ ಸೇರಿಸೋ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಒಂದು ಆನ್‌ಲೈನಲ್ಲಿ ತರಿಸಿದ್ದೆ. ಮೊದಲ ಸಲ ಚಿತ್ರ ಕಪ್ಪು-ಬಿಳುಪಾಗಿ ಉರುಳ್ತಿತ್ತು. ಟೇಪ್ ಹೋಯ್ತು ಅಂತ ಎದೆ ಧಸಕ್ ಅಂತು. ಕಾರಣ ಇಷ್ಟೇ, ಕಾರ್ಡು ಅಮೆರಿಕದ NTSC ಪದ್ಧತಿಗೆ ಸೆಟ್ ಆಗಿ ಬಂದಿತ್ತು. ನಮ್ಮ ದೇಶದ ಕ್ಯಾಸೆಟ್ಟುಗಳು PAL. ಪಟ್ಟಿಯಲ್ಲಿ `PAL_B` ಆರಿಸಿದ ಕೂಡಲೇ ಬಣ್ಣ ಬಂತು.

ಎರಡನೇ ತಪ್ಪು ಕಣ್ಣಿಗೆ ಕಾಣಲ್ಲ, ಆದ್ದರಿಂದ ಹೆಚ್ಚು ಅಪಾಯ. ಕಾರ್ಡಿನ ಜೊತೆ ಬಂದ ಸಾಫ್ಟ್‌ವೇರ್ `640x480`ರಲ್ಲಿ ರೆಕಾರ್ಡ್ ಮಾಡ್ತಿತ್ತು. ನಮ್ಮ ಟೇಪಿನ ಪ್ರತಿ ಫ್ರೇಮಿನಲ್ಲೂ 576 ಗೆರೆ ಇರುತ್ತೆ. ಅದೂ ಒಂದೇ ಕ್ಷಣದ ಚಿತ್ರವಲ್ಲ. ಸರಿಸಂಖ್ಯೆಯ ಗೆರೆಗಳು ಒಂದು ಕ್ಷಣದವು, ಬೆಸಸಂಖ್ಯೆಯವು ಸೆಕೆಂಡಿನ 50ನೇ ಒಂದು ಭಾಗದಷ್ಟು ಆಮೇಲಿನವು. 576ನ್ನು 480ಕ್ಕೆ ಹಿಂಡಿದರೆ ಈ ಎರಡು ಕ್ಷಣಗಳು ಕಲಸಿಹೋಗ್ತವೆ. ಆಮೇಲೆ ಯಾರಿಂದಲೂ ಬಿಡಿಸೋಕಾಗಲ್ಲ. 1080ಪಿ ಮಾಡಿಕೊಡ್ತೀವಿ ಅನ್ನೋ ಎಚ್‌ಡಿಎಂಐ ಪೆಟ್ಟಿಗೆಗಳೂ ಇದೇ ಕಲಸುವಿಕೆಯನ್ನು ದೊಡ್ಡದಾಗಿ ಮಾಡ್ತವೆ.

ಆ ಸಾಫ್ಟ್‌ವೇರ್ ಬಿಟ್ಟು `VirtualDub` ಹಾಕಿಕೊಂಡೆ. ಇಟ್ಟ ಸೆಟ್ಟಿಂಗ್ ಇವು: ಅಳತೆ `720x576`, ಸೆಕೆಂಡಿಗೆ 25 ಫ್ರೇಮ್, ಬಣ್ಣಕ್ಕೆ `YUY2`, ಕಂಪ್ರೆಷನ್ `Huffyuv`, ಧ್ವನಿ 48 ಕಿಲೋಹರ್ಟ್ಸ್ ಪಿಸಿಎಂ. ಹಫ್‌ವೈಯುವಿ ಏನನ್ನೂ ಬಿಸಾಡದೆ ಗಂಟು ಕಟ್ಟುತ್ತೆ. ಅದಕ್ಕೇ ಗಂಟೆಗೆ 30-35 ಜಿಬಿ ತಿಂತು. ಜಾಗ ಖಾಲಿ ಮಾಡಿಕೊಂಡೇ ಕೂರಿ.

ಮೂರನೇ ತಪ್ಪು ಬೆಳಕಿನದು. ಆಗಿನ ಮದುವೆಗಳಲ್ಲಿ ಕ್ಯಾಮೆರಾದವರ ಹಿಂದೆ ಒಬ್ಬ ಹುಡುಗ ಉರಿಯೋ ಲೈಟ್ ಹಿಡಿದುಕೊಂಡು ಓಡಾಡ್ತಿದ್ದ, ನೆನಪಿದೆಯಾ? ಆ ಬೆಳಕಿಗೆ ಅಪ್ಪನ ಬಿಳಿ ಪಂಚೆಯ ಮಡಿಕೆಗಳೆಲ್ಲ ಮಾಯವಾಗಿ ಒಂದೇ ಬಿಳಿ ತೇಪೆ ಆಗಿತ್ತು. ಟೇಪಿನಲ್ಲಿ ಮಡಿಕೆ ಇದ್ದವು. ಕಾರ್ಡಿನ ಕಾಂಟ್ರಾಸ್ಟ್ ಜಾಸ್ತಿ ಇದ್ದು ಕತ್ತರಿಸಿತ್ತು, ಅಷ್ಟೇ. ವರ್ಚುವಲ್‌ಡಬ್‌ನಲ್ಲಿ ಹಿಸ್ಟೋಗ್ರಾಮ್ ತೆರೆದು, ಅತಿ ಬೆಳಕಿನ ದೃಶ್ಯ ಓಡಿಸ್ತಾ, ಗ್ರಾಫ್ ಬಲತುದಿಗೆ ಗುದ್ದಿ ನಿಲ್ಲದ ಹಾಗೆ ಕಾಂಟ್ರಾಸ್ಟ್ ಇಳಿಸಿದೆ. ಚಿತ್ರ ಸ್ವಲ್ಪ ಮಂಕಾಗಿ ಕಂಡರೆ ಪರವಾಗಿಲ್ಲ. ಮಂಕನ್ನು ಆಮೇಲೆ ತಿದ್ದಬಹುದು, ಕತ್ತರಿಸಿದ್ದು ವಾಪಸ್ ಬರಲ್ಲ.

ಇನ್ನೊಂದು ಅಂಕಿ ಮೇಲೆ ಕಣ್ಣಿಡಬೇಕು. ವರ್ಚುವಲ್‌ಡಬ್‌ನ ಬಲಬದಿಯಲ್ಲಿ `Frames dropped` ಅಂತ ತೋರಿಸುತ್ತೆ. ಮೊದಲ ಓಟದಲ್ಲಿ ಸೋಬಾನೆ ಮುಗಿಯೋ ಹೊತ್ತಿಗೆ ಅದು 60 ದಾಟಿತ್ತು. ಸೆಕೆಂಡಿಗೆ 25ರಂತೆ ಲೆಕ್ಕ ಹಾಕಿದರೆ 2.4 ಸೆಕೆಂಡ್. ಅಜ್ಜಿಯ ತುಟಿ ನಿಂತ ಮೇಲೂ ಹಾಡು ಕೇಳಿಸ್ತಿತ್ತು. ಹಳೇ ಟೇಪ್ ಒಂದೇ ಹದದಲ್ಲಿ ಓಡಲ್ಲ, ಪ್ರತಿ ಗೆರೆಯೂ ಚೂರು ಆಚೀಚೆ ಶುರುವಾಗುತ್ತೆ. ಕಾರ್ಡು ಗೊಂದಲಕ್ಕೆ ಬಿದ್ದು ಫ್ರೇಮ್ ಕೈಬಿಡುತ್ತೆ. ನ್ಯಾಮತಿ ಅತ್ತೆ ಮನೆಯಲ್ಲಿ ಒಂದು ಹಳೇ ಡಿವಿಡಿ ರೆಕಾರ್ಡರ್ ಇತ್ತು. ವಿಸಿಆರ್ ತಂತಿಯನ್ನು ಅದಕ್ಕೆ ಕೊಟ್ಟು, ಅದರ ಔಟ್‌ಪುಟ್ಟನ್ನು ಕಾರ್ಡಿಗೆ ಕೊಟ್ಟೆ. ಅಂಥ ಕೆಲವು ರೆಕಾರ್ಡರುಗಳು ಮಧ್ಯೆ ನಿಂತು ಗೆರೆಗಳನ್ನು ಸಾಲಾಗಿ ನಿಲ್ಲಿಸಿ ಮುಂದೆ ಕಳಿಸ್ತವೆ. ಎಲ್ಲ ಮಾಡೆಲ್ಲೂ ಹಾಗೆ ಮಾಡಲ್ಲ, ಹಾಕಿ ನೋಡಿಯೇ ತಿಳೀಬೇಕು. ನಮ್ಮದರಲ್ಲಿ ಸೊನ್ನೆಗೆ ಇಳೀತು. ಕಂಬ, ಬಾಗಿಲ ಚೌಕಟ್ಟು ನೆಟ್ಟಗಾದವು.

ಮೂವರು ಸಾಕ್ಷಿ

ಪೂರ್ತಿ ಟೇಪನ್ನು ಒಂದೇ ಸಲ ಓಡಿಸಿದೆ. ಸೋಬಾನೆಯ ಹನ್ನೆರಡು ನಿಮಿಷ ಮಾತ್ರ ಮೂರು ಸಲ. ಯಾಕೆಂದರೆ ಡ್ರಾಪ್‌ಔಟ್‌ಗಳಲ್ಲಿ ಎರಡು ಜಾತಿ. ಒಂದೇ ಜಾಗದಲ್ಲಿ ಪ್ರತಿ ಸಲವೂ ಬರೋದು ಟೇಪಿನ ಗಾಯ. ಒಂದು ಸಲ ಬಂದು ಇನ್ನೊಂದು ಸಲ ಬರದೇ ಇರೋದು ಧೂಳು, ಹೆಡ್ಡಿಗೆ ತಾಗಿದ ಕಸ. ಎರಡನೇ ಜಾತಿಗೆ ಮದ್ದು ಸುಲಭ. ಮೂವರು ಸಾಕ್ಷಿಗಳಲ್ಲಿ ಒಬ್ಬ ‘ಇಲ್ಲಿ ಬಿಳಿ ಗೀಟಿತ್ತು’ ಅಂದು, ಇಬ್ಬರು ‘ಇಲ್ಲ, ಕೆನ್ನೆ ಇತ್ತು’ ಅಂದರೆ ಇಬ್ಬರನ್ನು ನಂಬೋದು. ಪ್ರತಿ ಚುಕ್ಕೆಗೂ ಮೂರು ಓಟಗಳ ಮಧ್ಯದ ಬೆಲೆ ತೆಗೆದುಕೊಂಡರೆ ಆಯ್ತು.

ಅದಕ್ಕೆ ಮೂರು ಫೈಲೂ ಒಂದೇ ಫ್ರೇಮಿನಿಂದ ಶುರುವಾಗಬೇಕು. ಗುರುತಿಗೆ ಫೋಟೋಗ್ರಾಫರ್ ಸಹಾಯಕ್ಕೆ ಬಂದ. ಅವನ ಫ್ಲ್ಯಾಶ್ ಹೊಡೆದಾಗ ವಿಡಿಯೋದಲ್ಲಿ ಕ್ಷಣಮಾತ್ರ ಬೆಳ್ಳಗಾಗುತ್ತೆ. ಮೊದಲ ಫ್ಲ್ಯಾಶಿನಿಂದ ಮೂರನ್ನೂ ಕತ್ತರಿಸಿ, ಕೊನೇ ಫ್ಲ್ಯಾಶ್ ಕೂಡ ಮೂರರಲ್ಲೂ ಒಂದೇ ಫ್ರೇಮ್ ನಂಬರಿಗೆ ಬರುತ್ತಾ ನೋಡಿದೆ. ಬರದಿದ್ದರೆ ಮಧ್ಯೆ ಎಲ್ಲೋ ಫ್ರೇಮ್ ಬಿದ್ದಿದೆ, ಮತ್ತೆ ಕ್ಯಾಪ್ಚರ್ ಮಾಡಬೇಕು. ಆಮೇಲೆ ಒಂದು ಕಮಾಂಡ್:

```
ffmpeg -i pass1.avi -i pass2.avi -i pass3.avi \
 -filter_complex "[0:v][1:v][2:v]xmedian=inputs=3[v]" \
 -map "[v]" -map 0:a -c:v ffv1 -c:a copy median.mkv
```

ಗೆರೆಗಳು ನೆಟ್ಟಗೆ ನಿಲ್ಲದಿದ್ದರೆ ಇದು ಚಿತ್ರವನ್ನು ಮಸುಕು ಮಾಡುತ್ತೆ. ಅದಕ್ಕೇ ಮೊದಲು ಆ ರೆಕಾರ್ಡರ್. ಮೂಗುಬೊಟ್ಟಿನ ಪಕ್ಕದಲ್ಲಿ ಈಗ ದಾರ ಇರಲಿಲ್ಲ.

ಸುಕ್ಕು

ಒಂದು ಗಾಯ ಮಾತ್ರ ಮೂರೂ ಓಟದಲ್ಲಿ ಇತ್ತು. ಯಾವುದೋ ವಿಸಿಆರ್ ಎಂದೋ ಟೇಪನ್ನು ಕಚ್ಚಿ, ಅಡ್ಡಕ್ಕೆ ಒಂದು ಸುಕ್ಕು ಬಿದ್ದಿತ್ತು. ಪರದೆಯಲ್ಲಿ ಅದು ಒಂದು ಗದ್ದಲದ ಪಟ್ಟಿಯಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತೇಲಿಹೋಗ್ತಿತ್ತು. ಕೂದಲೆಳೆಯಷ್ಟು ಸುಕ್ಕು ನಾಲ್ಕು ಸೆಕೆಂಡ್ ಯಾಕೆ ಕಾಡುತ್ತೆ? ಓರೆಗೆರೆಯೊಂದು ಟೇಪಿನ ಉದ್ದಕ್ಕೆ ಸುಮಾರು 97 ಮಿಲಿಮೀಟರ್ ಚಾಚಿಕೊಂಡಿರುತ್ತೆ. ಟೇಪ್ ಓಡೋದು ಸೆಕೆಂಡಿಗೆ 23.4 ಮಿಲಿಮೀಟರ್. ಹಾಗಾಗಿ ನಾಲ್ಕು ಸೆಕೆಂಡಿನಷ್ಟು ಗೆರೆಗಳೆಲ್ಲ ಆ ಒಂದೇ ಸುಕ್ಕನ್ನು ಬೇರೆ ಬೇರೆ ಜಾಗದಲ್ಲಿ ದಾಟ್ತವೆ. ನಮ್ಮ ಗ್ರಹಚಾರಕ್ಕೆ ಆ ಪಟ್ಟಿ ಸುಮಾರು ಒಂದು ಸೆಕೆಂಡ್ ಅಜ್ಜಿಯ ಮುಖದ ಮೇಲೇ ಹಾದುಹೋಗ್ತಿತ್ತು. ಅದೂ ಅವರು ಹಾಡು ನಿಲ್ಲಿಸಿ ಪಕ್ಕದವರ ಕಡೆ ತಿರುಗಿ ನಗೋ ಜಾಗ. ಧ್ವನಿ ಟೇಪಿನ ಅಂಚಿನಲ್ಲಿ ಬೇರೆ ಗೆರೆಯಾಗಿ ಇರೋದರಿಂದ ನಗು ಸರಿಯಾಗೇ ಕೇಳಿಸ್ತಿತ್ತು. ಮುಖ ಮಾತ್ರ ಇರಲಿಲ್ಲ.

ಎರಡು ದಿನ ಅದರ ಮುಂದೆ ಕೂತಿದ್ದೆ. ಆಮೇಲೆ ಹೊಳೀತು. ನ್ಯಾಮತಿಯ ಕಾಪಿ ಮಾಡಿದ್ದು 1994ರಲ್ಲೇ, ಮೂಲಕ್ಕೆ ಸುಕ್ಕು ಬೀಳೋ ಮೊದಲು! ಆ ಕ್ಯಾಸೆಟ್ ಹಾಕಿ ನೋಡಿದರೆ ಅಜ್ಜಿ ಪೂರ್ತಿಯಾಗಿ ನಗ್ತಿದ್ದರು. ಬಣ್ಣ ಸ್ವಲ್ಪ ಸೋರಿತ್ತು, ಆದರೂ ನಗು ಇತ್ತು. ಅದನ್ನೂ ಅದೇ ಸೆಟ್ಟಿಂಗಿನಲ್ಲಿ ಕ್ಯಾಪ್ಚರ್ ಮಾಡಿದೆ. ಫ್ಲ್ಯಾಶಿನ ಗುರುತಿನಿಂದಲೇ ಹೊಂದಿಸಿ, ಪೂರ್ತಿ ಫ್ರೇಮ್ ಬದಲಿಸದೆ, ಸುಕ್ಕಿನ ಪಟ್ಟಿ ಇರೋ ಜಾಗಕ್ಕೆ ಮಾತ್ರ ನ್ಯಾಮತಿಯ ತುಂಡನ್ನು ತೇಪೆ ಹಾಕಿದೆ. ಪಟ್ಟಿ ಚಲಿಸಿದ ಹಾಗೆ ತೇಪೆಯೂ ಚಲಿಸಬೇಕು. ಸುಮಾರು ನೂರು ಫ್ರೇಮ್, ಮೂರು ರಾತ್ರಿ. ಮೂಲ ಕೈಯಲ್ಲಿದೆ ಅಂತ ಕಾಪಿಗಳನ್ನು ಎಸೆಯಬೇಡಿ ಅನ್ನೋದು ಇದಕ್ಕೇ.

ಕೊನೆಯ ಒರೆಸುವಿಕೆ

ಇಷ್ಟಾದ ಮೇಲೆ ಸರಿ-ಬೆಸ ಗೆರೆಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡೋದು, ಗದ್ದಲವನ್ನು ಹಗುರವಾಗಿ ಒರೆಸೋದು. ವಿಎಚ್‌ಎಸ್‌ನಲ್ಲಿ ಬಣ್ಣ ಬೆಳಕಿಗಿಂತ ತುಂಬಾ ಒರಟಾಗಿ ಬರೆದಿರುತ್ತೆ. ಆದ್ದರಿಂದ ಬಣ್ಣದ ಮೇಲೆ ಜಾಸ್ತಿ, ಬೆಳಕಿನ ಮೇಲೆ ಕಡಿಮೆ ಒರೆಸಬೇಕು. ಇಲ್ಲವಾದರೆ ಮತ್ತೆ ಮೇಣದ ಗೊಂಬೆ. ಚಿತ್ರದ ತಳದಲ್ಲಿ ಏಳೆಂಟು ಗೆರೆ ಯಾವಾಗಲೂ ಹರಿದಂತಿರುತ್ತೆ. ಅದು ಹೆಡ್ ಬದಲಾಗೋ ಜಾಗ, ಪ್ರತಿ ವಿಎಚ್‌ಎಸ್‌ನಲ್ಲೂ ಇರೋದೇ. ಅದರ ಮೇಲೆ ಕಪ್ಪು ಪಟ್ಟಿ ಎಳೆದೆ. ತೇಪೆ ಹಾಕಿದ ಫೈಲಿನ ಹೆಸರು `patched.mkv`:

```
ffmpeg -i patched.mkv -vf "bwdif=mode=send_field:parity=tff,\
hqdn3d=1:3:3:6,crop=704:576:8:0,\
drawbox=y=568:h=8:color=black:t=fill,setsar=12/11" \
-pix_fmt yuv420p -c:v libx264 -crf 16 -c:a aac ajji.mp4
```

ಓಡಿಸಿದ ಮೇಲೆ ಕೈ ಬೀಸೋ ದೃಶ್ಯ ನೋಡಿ. ಚಲನೆ ನಯವಾಗಿದ್ದರೆ ಸರಿ. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ ಅಂತ ನಡುಗಿದರೆ `tff` ಬದಲು `bff` ಹಾಕಿ. ಕೊನೇಲಿ ಬರೋ `setsar` ಇರದಿದ್ದರೆ ಎಲ್ಲರೂ ಸ್ವಲ್ಪ ಸಣ್ಣಗೆ, ಉದ್ದಕ್ಕೆ ಕಾಣ್ತಾರೆ.

ಈಗ ಬೇಕಾದವರು ಅಪ್‌ಸ್ಕೇಲ್ ಮಾಡಬಹುದು. ಆದರೆ ಮಿತಿ ಗೊತ್ತಿರಲಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ನಿಜವಾಗಿ ಸಿಗೋ ವಿವರ ಸುಮಾರು 240 ಗೆರೆಯಷ್ಟು. ಅದಕ್ಕಿಂತ ಹೆಚ್ಚು ಕಂಡರೆ ಅದು ಅಜ್ಜಿಯದಲ್ಲ, ಸಾಫ್ಟ್‌ವೇರಿನದು. ನಾನು ಮಾಡಿಲ್ಲ. ಮೂರು ಕ್ಯಾಪ್ಚರ್ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ಒಂದು ಬೆಂಗಳೂರಿನಲ್ಲಿ, ಒಂದು ಚನ್ನಗಿರಿಯಲ್ಲಿ. ಮುಂದೆ ಯಾರಾದರೂ ಇನ್ನೂ ಚೆನ್ನಾಗಿ ಮಾಡ್ತೀನಿ ಅಂದರೆ ಅಲ್ಲಿಂದಲೇ ಶುರು ಮಾಡಲಿ.

ಯುಗಾದಿಗೆ ಊರಿಗೆ ಹೋದಾಗ ಟಿವಿಗೆ ಹಾಕಿ ತೋರಿಸಿದೆ. ಚಿತ್ರ ಮೆತ್ತಗೇ ಇದೆ, ಕಾಳು ಕಾಳಾಗಿ ಇದೆ. ಅಜ್ಜಿ ಹಾಡು ನಿಲ್ಲಿಸಿ, ತಿರುಗಿ ನಕ್ಕರು. ಅಮ್ಮ ರಿಮೋಟ್ ಇಸ್ಕೊಂಡು ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. "ಪಕ್ಕದಲ್ಲಿ ಕೂತಿದ್ದು ನಾನೇ ಕಣೋ. ಶ್ರುತಿ ತಪ್ಪಿದ್ದೆ, ಅದಕ್ಕೇ ನಗ್ತಿದಾಳೆ" ಅಂದರು.